ಮಂಚದ ಮೇಲೆ ಕಾಲು, ಮೆಟ್ಟಿಲ ಮೇಲೆ ಕೈ: ಒಂದು ಪುಷ್-ಅಪ್ ಪ್ರಕರಣ

ಜೂನ್ ಎರಡನೇ ವಾರ. ಮುಂಬೈ ಬಳಿಯ ಡೊಂಬಿವಲಿಯಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಸಂಜೆ ನನ್ನ ಫಿಸಿಯೋಥೆರಪಿ ಕೋಣೆಗೆ ಬಂದವರು ಕುಂದಾಪುರ ಕಡೆಯವರು. ವಯಸ್ಸು 41, ಎತ್ತರ 170 ಸೆಂ.ಮೀ., ತೂಕ 72 ಕೆ.ಜಿ. ಮಾಟುಂಗಾದ ಒಂದು ಹೋಟೆಲಿನ ಗಲ್ಲೆಯಲ್ಲಿ ಹದಿನೈದು ವರ್ಷದಿಂದ ಕೂರುತ್ತಾರೆ. ಬಲ ಭುಜದ ಮುಂಭಾಗವನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು. ಮೂರು ವಾರದಿಂದ ನೋವು. ಬೆಳಿಗ್ಗೆ ಎದ್ದಾಗ ಸೊಂಟವೂ ಹಿಡಿದುಕೊಂಡಿರುತ್ತದೆ, ಸ್ನಾನ ಆದ ಮೇಲೆ ಸಡಿಲವಾಗುತ್ತದೆ.

"ಎಂತ ಆದದ್ದು ಅಂತ ಗೊತ್ತಾಗುದಿಲ್ಲ ಡಾಕ್ಟ್ರೇ. ನೆಲದ ಮೇಲೆ ಹದಿನೈದು ಪುಷ್-ಅಪ್ ಆರಾಮಾಗಿ ಆಗ್ತಿತ್ತು. ಇನ್ನು ಸ್ವಲ್ಪ ಕಷ್ಟದ್ದು ಬೇಕು ಅಂತ ಕಾಲನ್ನು ಮಂಚದ ಮೇಲೆ ಇಟ್ಟು ಶುರು ಮಾಡಿದೆ. ಎದೆ ಮೇಲ್ಗಡೆ ತುಂಬ್ತದೆ, ಹೊಟ್ಟೆಯೂ ಗಟ್ಟಿ ಆಗ್ತದೆ ಅಂತ ಎಲ್ಲರೂ ಹೇಳ್ತಾರಲ್ಲ."

ಎಲ್ಲರೂ ಹೇಳುತ್ತಾರೆ ಎಂಬುದು ನಿಜ. ಅದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧ ಸರಿ ಎಂಬುದು ಇವರ ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಬೇರೆ ಕಾರಣಗಳನ್ನು ದೂರ ಮಾಡಬೇಕಿತ್ತು. ನಲವತ್ತು ದಾಟಿದವರು ಎದೆ, ಭುಜ ಎಂದು ಬಂದಾಗ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆಯೇ, ಉಸಿರು ಸಾಲದೆ ಹೋಗುತ್ತದೆಯೇ, ನೋವು ಕೈಗೋ ದವಡೆಗೋ ಇಳಿಯುತ್ತದೆಯೇ ಎಂದು ಕೇಳದೆ ನಾನು ಮುಂದೆ ಹೋಗುವುದಿಲ್ಲ. ಅಂಥದ್ದೇನೂ ಇರಲಿಲ್ಲ. ಕೈಯಲ್ಲಿ ಜೋಮು ಇಲ್ಲ, ರಾತ್ರಿ ನಿದ್ದೆ ಕೆಡಿಸುವ ನೋವಿಲ್ಲ, ರಕ್ತದೊತ್ತಡ ಸರಿಯಿದೆ. ಕೈಯನ್ನು ಪೂರ್ತಿ ಮೇಲೆತ್ತಬಲ್ಲರು, ಕೊನೆಯ ಹಂತದಲ್ಲಿ ಮಾತ್ರ ಮುಂಭಾಗ ಚುಚ್ಚುತ್ತದೆ. ಭುಜದ ಬಲ ಎರಡೂ ಕಡೆ ಸಮ. ಆದರೆ ಗೋಡೆಗೆ ಎರಡೂ ಅಂಗೈ ಕೊಟ್ಟು ತಳ್ಳಲು ಹೇಳಿದಾಗ ಒಂದು ವ್ಯತ್ಯಾಸ ಕಂಡಿತು. ಬಲಭುಜದ ಹಿಂದಿನ ರೆಕ್ಕೆಮೂಳೆಯ ಒಳ ಅಂಚು ಬೆನ್ನಿಂದ ಸ್ವಲ್ಪ ಎದ್ದು ನಿಂತಿತು. ಎಡಗಡೆಯದು ಚಪ್ಪಟೆಯಾಗಿಯೇ ಇತ್ತು. ಇದನ್ನು ಬರೆದಿಟ್ಟುಕೊಂಡೆ.

ಮಂಚದ ಎತ್ತರದಲ್ಲಿ ಕಂಡದ್ದು

ಅವರ ಮಂಚದ ಎತ್ತರ 45 ಸೆಂ.ಮೀ. ನನ್ನಲ್ಲಿದ್ದ ಮರದ ಬೆಂಚೂ ಹೆಚ್ಚು ಕಡಿಮೆ ಅಷ್ಟೇ. ಕಾಲು ಅದರ ಮೇಲಿಟ್ಟು ಐದು ಪುಷ್-ಅಪ್ ಮಾಡಿ ಎಂದೆ. ಮೊಬೈಲನ್ನು ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ, ಸ್ಟೂಲಿನ ಮೇಲಿಟ್ಟು ವಿಡಿಯೋ ತೆಗೆದೆ. ಪುಷ್-ಅಪ್ ನೋಡುವುದಿದ್ದರೆ ಪಕ್ಕದಿಂದಲೇ ನೋಡಬೇಕು. ಎದುರಿನಿಂದ ನೋಡಿದರೆ ಎಲ್ಲರದ್ದೂ ಚೆನ್ನಾಗಿಯೇ ಕಾಣುತ್ತದೆ.

ಮೂರನೆಯದರಲ್ಲಿ ಕೆಳಗಿಳಿದ ಹೊತ್ತಿಗೆ ಚಿತ್ರ ನಿಲ್ಲಿಸಿ ಇಬ್ಬರೂ ನೋಡಿದೆವು. ಹಿಮ್ಮಡಿಯಿಂದ ಸೊಂಟದ ತನಕ ದೇಹ ಇಳಿಜಾರಾಗಿ ಬರುತ್ತಿತ್ತು. ಸೊಂಟದಲ್ಲಿ ತೊಟ್ಟಿಲಿನ ಬಟ್ಟೆಯ ಹಾಗೆ ಜೋಲುಬಿದ್ದು, ಅಲ್ಲಿಂದ ಎದೆ ಮತ್ತೆ ಮೇಲ್ಮುಖವಾಗಿತ್ತು. ಅಂದರೆ ಕಾಲು ಮಂಚದ ಮೇಲಿದೆ, ಆದರೆ ಎದೆಯ ಓರೆ ನೆಲದ ಪುಷ್-ಅಪ್‌ನಲ್ಲಿ ಇರುವಷ್ಟೇ ಇದೆ. ಕಾಲೆತ್ತಿದ್ದರಿಂದ ಸಿಗಬೇಕಾದ ಓರೆಯನ್ನೆಲ್ಲ ನಡು ಕುಸಿದು ತಿಂದುಹಾಕಿದೆ. ಅಂಗೈಗಳು ಎದೆಯ ಪಕ್ಕದಲ್ಲಿಲ್ಲ, ಕಿವಿಯ ಸಾಲಿನಲ್ಲಿವೆ. ಮೊಣಕೈಗಳು ಎರಡೂ ಕಡೆ ಅಡ್ಡಕ್ಕೆ ಚಾಚಿಕೊಂಡಿವೆ.

"ಇದು ನಾನಾ?" ಎಂದು ಕೇಳಿದರು. ಹೌದು, ಅವರೇ. ಮಾಡುವಾಗ ದೇಹ ಕೋಲಿನ ಹಾಗೆ ನೆಟ್ಟಗಿದೆ ಎಂದೇ ಅನಿಸುತ್ತದೆ. ತಲೆ ಕೆಳಗಾದಾಗ ನೆಟ್ಟಗಿರುವುದರ ಅಂದಾಜು ಸಿಗುವುದು ಕಷ್ಟ.

ನಂತರ ನೆಲದ ಮೇಲೆ ಮಾಡಿಸಿದೆ. ಬೆನ್ನ ಮೇಲೆ ಉದ್ದಕ್ಕೆ ಪೊರಕೆಯ ಕೋಲು ಇಟ್ಟೆ. ಕೋಲು ತಲೆಯ ಹಿಂಭಾಗ, ಬೆನ್ನಿನ ನಡುಭಾಗ, ಸೊಂಟದ ಕೆಳಗಿನ ಮೂಳೆ ಈ ಮೂರಕ್ಕೂ ತಾಗಿಯೇ ಇರಬೇಕು. ಸೊಂಟದ ಹತ್ತಿರ ಕೋಲಿಗೂ ಬೆನ್ನಿಗೂ ನಡುವೆ ಅಂಗೈ ಹೋಗುವಷ್ಟು ಸಂದಿ ಸಹಜ. ಮುಷ್ಟಿ ಹೋಗುವಷ್ಟಾದರೆ ನಡು ಕುಸಿದಿದೆ ಎಂದರ್ಥ. ಹೀಗೆ ಎಣಿಸಿದಾಗ ಹದಿನೈದರಲ್ಲಿ ಸರಿಯಾದವು ಒಂಬತ್ತು. ಹತ್ತನೆಯದರಿಂದ ಮುಷ್ಟಿ ಹಿಡಿಸುತ್ತಿತ್ತು. ನೆಲದಲ್ಲಿ ಒಂಬತ್ತು ಸರಿಯಾಗಿ ಬರುವವರು ಮಂಚಕ್ಕೆ ಕಾಲೆತ್ತಿ ಹದಿನೈದರಂತೆ ನಾಲ್ಕು ಸುತ್ತು ಮಾಡುತ್ತಿದ್ದರು, ಅದೂ ರಾತ್ರಿ ಹನ್ನೊಂದಕ್ಕೆ, ಲೋಕಲ್ ರೈಲಿನಲ್ಲಿ ನಿಂತು ಮನೆಗೆ ಬಂದ ಮೇಲೆ.

ಎಷ್ಟು ಭಾರ: ಮುಳ್ಳಿನ ತೂಕದ ಯಂತ್ರ

ಇವರಿಗೆ ಮಾತಿಗಿಂತ ಲೆಕ್ಕ ಬೇಗ ಮನಸ್ಸಿಗೆ ಹಿಡಿಯುತ್ತದೆ, ದಿನವಿಡೀ ಗಲ್ಲೆಯಲ್ಲಿ ಕೂರುವವರು. ಹಾಗಾಗಿ ಮರುದಿನ ಅಳೆದೇಬಿಟ್ಟೆವು. ವಿಧಾನ ಸರಳ. ದೇಹದ ತೂಕ 72 ಕೆ.ಜಿ. ಪುಷ್-ಅಪ್ ಹಿಡಿದು ಅಲ್ಲಾಡದೆ ನಿಂತಾಗ ಆ 72 ಕೈಗೂ ಕಾಲಿಗೂ ಹಂಚಿಹೋಗಿರುತ್ತದೆ. ಎರಡು ಪಾದಗಳನ್ನೂ ಜೋಡಿಸಿ ತೂಕದ ಯಂತ್ರದ ಮೇಲಿಟ್ಟರೆ ಕಾಲಿನ ಪಾಲು ಗೊತ್ತಾಗುತ್ತದೆ, ಉಳಿದದ್ದು ಕೈಯ ಪಾಲು. ಡಿಜಿಟಲ್ ಯಂತ್ರ ಒಮ್ಮೆ ಅಂಕಿ ತೋರಿಸಿ ಅಲ್ಲೇ ನಿಂತುಬಿಡುತ್ತದೆ, ಅದಕ್ಕೆ ಮುಳ್ಳಿನದ್ದೇ ಒಳ್ಳೆಯದು. ಯಂತ್ರದ ದಪ್ಪದಿಂದ ಕಾಲು ಐದು ಸೆಂ.ಮೀ. ಮೇಲೇರುತ್ತದೆ, ಹಾಗಾಗಿ ಕೈಗಳ ಅಡಿಯಲ್ಲೂ ಅಷ್ಟೇ ದಪ್ಪದ ಹಲಗೆ ಇಟ್ಟೆವು. ಯಂತ್ರ ಜಾರದಂತೆ ಕೆಳಗೆ ರಬ್ಬರ್ ಮ್ಯಾಟ್.

ನೆಲದ ಮಟ್ಟದಲ್ಲಿ, ಕೈ ನೆಟ್ಟಗೆ ಮಾಡಿ ದೇಹ ಮೇಲಿದ್ದಾಗ, ಮುಳ್ಳು 23ಕ್ಕೆ ನಿಂತಿತು. ಕೈಗಳ ಮೇಲೆ 49 ಕೆ.ಜಿ., ಅಂದರೆ ತೂಕದ ಶೇ. 68. ಅದೇ ಮಟ್ಟದಲ್ಲಿ ಎದೆ ಕೆಳಗಿಳಿಸಿ ನಿಂತಾಗ ಮುಳ್ಳು 18.5, ಕೈಗಳ ಮೇಲೆ 53.5. ಕೆಳಗಿಳಿದಾಗ ಭಾರ ಹೆಚ್ಚುವುದು ಯಂತ್ರದ ದೋಷವಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಮೇಲಿನ ಸ್ಥಿತಿಯಲ್ಲಿ ಶೇ. 69, ಕೆಳಗಿನ ಸ್ಥಿತಿಯಲ್ಲಿ ಶೇ. 75 ಎಂದು ಬಂದಿದೆ.

ಆಮೇಲೆ ಕೈಗಳನ್ನು 50 ಸೆಂ.ಮೀ. ಎತ್ತರದ ಬೆಂಚಿನ ಮೇಲಿಟ್ಟೆವು. ಮುಳ್ಳು 38ಕ್ಕೆ ಏರಿತು. ಕೈಗಳ ಮೇಲೆ 34 ಮಾತ್ರ. ಕೊನೆಗೆ ಯಂತ್ರವನ್ನೇ ಬೆಂಚಿನ ಮೇಲಿಟ್ಟು, ಕಾಲನ್ನು ಅದರ ಮೇಲಿಟ್ಟಾಗ ಮುಳ್ಳು 19.5. ಕೈಗಳ ಮೇಲೆ 52.5.

ಇಲ್ಲಿ ಅವರು ಪೆನ್ನು ತೆಗೆದುಕೊಂಡು ತಾವೇ ಕಳೆದು ನೋಡಿದರು. ಕೈ ಎತ್ತಿದಾಗ ಇಳಿದದ್ದು 15 ಕೆ.ಜಿ. ಕಾಲೆತ್ತಿದಾಗ ಏರಿದ್ದು ಬರೀ ಮೂರೂವರೆ. "ಇಷ್ಟೇಯಾ? ಇಷ್ಟಕ್ಕೆ ಇಷ್ಟು ನೋವಾ?"

ಈ ಪ್ರಕರಣದ ಮುಖ್ಯ ಪ್ರಶ್ನೆ ಅದೇ. ಅವರೊಬ್ಬರ ದೇಹದ ವಿಶೇಷವಲ್ಲ ಇದು. ಬಲ ಅಳೆಯುವ ಫಲಕದ ಮೇಲೆ ಪುಷ್-ಅಪ್ ಮಾಡಿಸಿದ 2011ರ ಇನ್ನೊಂದು ಅಧ್ಯಯನ ಇದನ್ನೇ ತೋರಿಸಿದೆ. ಅಲ್ಲಿ ಸಾಮಾನ್ಯ ಪುಷ್-ಅಪ್‌ನಲ್ಲಿ ಕೈಗಳ ಮೇಲೆ ಬಿದ್ದದ್ದು ತೂಕದ ಶೇ. 64. ಕೈಗಳನ್ನು ಸುಮಾರು 30 ಸೆಂ.ಮೀ. ಎತ್ತಿದಾಗ 55, ಸುಮಾರು 60 ಸೆಂ.ಮೀ. ಎತ್ತಿದಾಗ 41. ಕಾಲನ್ನು 30 ಸೆಂ.ಮೀ. ಎತ್ತಿದಾಗ 70, 60 ಸೆಂ.ಮೀ. ಎತ್ತಿದಾಗ 74. ಅಳೆಯುವ ರೀತಿ ಬೇರೆಯಾದರೆ ಅಂಕಿ ನಾಲ್ಕೈದು ಆಚೀಚೆ ಆಗುತ್ತದೆ, ಆದರೆ ಹಾದಿ ಒಂದೇ. ಕೈ ಎತ್ತುತ್ತ ಹೋದರೆ ಭಾರ ದಡದಡನೆ ಇಳಿಯುತ್ತದೆ. ಕಾಲು ಎತ್ತುತ್ತ ಹೋದರೆ ನಿಧಾನವಾಗಿ ಏರುತ್ತದೆ.

ಕಾರಣ ತಿಳಿಯಲು ಗೋಡೆಗೆ ಕೈಕೊಟ್ಟು ಒರಗಿ ನಿಂತವರನ್ನು ನೆನಪಿಸಿಕೊಳ್ಳಿ. ದೇಹದ ಭಾರ ಬಹುಪಾಲು ಪಾದದ ಮೇಲೆಯೇ ಇದೆ, ಕೈಗಳು ಮುಂದೆ ದೂರದಲ್ಲಿವೆ. ಕೈಯಿಟ್ಟ ಜಾಗ ಕೆಳಗಿಳಿದಂತೆ ಭಾರದ ಕೇಂದ್ರ ಪಾದದಿಂದ ದೂರವಾಗಿ ಕೈಯ ಹತ್ತಿರ ಬರುತ್ತದೆ. ನೆಲ ಮುಟ್ಟುವ ಹೊತ್ತಿಗೆ ಆ ಸರಿದಾಟದ ದೊಡ್ಡ ಪಾಲು ಮುಗಿದಿರುತ್ತದೆ. ಅಲ್ಲಿಂದ ಕಾಲೆತ್ತಿದರೂ ಇನ್ನು ಸರಿಯಲು ಉಳಿದದ್ದು ಸ್ವಲ್ಪ.

ಹಾಗಾದರೆ ಮೂರೂವರೆ ಕೆ.ಜಿ.ಗೆ ಭುಜ ಯಾಕೆ ನೊಂದಿತು? ಕಾಲೆತ್ತಿದಾಗ ಬದಲಾಗುವುದು ಭಾರಕ್ಕಿಂತ ಹೆಚ್ಚಾಗಿ ದಿಕ್ಕು.

ಯಾರ ಮೇಲೆ ಭಾರ: ದಿಕ್ಕು

ನೆಲ ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಮುಂಡಕ್ಕೆ ಯಾವ ಕೋನದಲ್ಲಿ ಬರುತ್ತದೆ ಎಂಬುದರ ಮೇಲೆ ಯಾವ ಸ್ನಾಯು ಹೆಚ್ಚು ದುಡಿಯುತ್ತದೆ ಎಂಬುದು ನಿಂತಿದೆ. ಕೈ ಎತ್ತರದಲ್ಲಿ, ತಲೆ ಮೇಲೆ ಇದ್ದಾಗ, ತೋಳು ಮುಂಡದಿಂದ ಹೊಟ್ಟೆಯ ಕಡೆಗೆ ವಾಲಿ ತಳ್ಳುತ್ತದೆ. ಆಗ ಎದೆಮೂಳೆಯಿಂದ ಹೊರಡುವ, ಎದೆಯ ನಡು ಮತ್ತು ಕೆಳಭಾಗದ ಎಳೆಗಳಿಗೆ ಅನುಕೂಲ. ಭುಜದ ಮುಂಭಾಗಕ್ಕೆ ಕೆಲಸ ಕಡಿಮೆ. ಕಾಲು ಎತ್ತರದಲ್ಲಿ, ತಲೆ ಕೆಳಗೆ ಇದ್ದಾಗ, ತೋಳು ಮುಖದ ಕಡೆಗೆ ವಾಲಿ ತಳ್ಳುತ್ತದೆ, ಅರ್ಧಂಬರ್ಧ ತಲೆಯ ಮೇಲಕ್ಕೆ ಮೂಟೆ ಎತ್ತಿದ ಹಾಗೆ. ಆಗ ಕೆಲಸ ಕತ್ತಿನ ಕೆಳಗಿನ ಅಡ್ಡ ಎಲುಬಿನಿಂದ ಹೊರಡುವ ಎದೆಯ ಮೇಲ್ಭಾಗದ ಎಳೆಗಳಿಗೂ ಭುಜದ ಮುಂಭಾಗದ ಸ್ನಾಯುವಿಗೂ ಸರಿಯುತ್ತದೆ. "ಎದೆ ಮೇಲ್ಗಡೆ ತುಂಬ್ತದೆ" ಎನ್ನುವ ಮಾತಿನಲ್ಲಿ ಸರಿಯಾದ ಅರ್ಧ ಇದು.

ಜಿಮ್‌ಗೆ ಹೋಗುವವರಿಗೆ ಇಲ್ಲೊಂದು ಹೆಸರಿನ ಗೊಂದಲವಾಗುತ್ತದೆ. ಕೈ ಎತ್ತಿದ್ದನ್ನು ಇನ್‌ಕ್ಲೈನ್ ಪುಷ್-ಅಪ್ ಎನ್ನುತ್ತಾರೆ, ಆದರೆ ಅದು ದುಡಿಸುವುದು ಡಿಕ್ಲೈನ್ ಬೆಂಚ್ ಪ್ರೆಸ್ ದುಡಿಸುವ ಭಾಗವನ್ನು. ಕಾಲೆತ್ತಿದ್ದು ಡಿಕ್ಲೈನ್ ಪುಷ್-ಅಪ್, ಅದರ ಜೋಡಿ ಇನ್‌ಕ್ಲೈನ್ ಬೆಂಚ್ ಪ್ರೆಸ್. ಹೆಸರು ನೋಡಿ ವ್ಯಾಯಾಮ ಆರಿಸಿಕೊಂಡವರು ಬೇಕಾದದ್ದಕ್ಕೆ ಪೂರ್ತಿ ಉಲ್ಟಾ ಮಾಡುತ್ತಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಈಗ ನಮ್ಮವರ ಭುಜಕ್ಕೆ ಬರೋಣ. ನಡು ಕುಸಿದು ಎದೆಯ ಓರೆ ಹೋಗಿಬಿಟ್ಟಿತ್ತು, ಹಾಗಾಗಿ ಎದೆಯ ಮೇಲ್ಭಾಗಕ್ಕೆ ಸಿಗಬೇಕಾದದ್ದು ಅಷ್ಟಾಗಿ ಸಿಗುತ್ತಿರಲಿಲ್ಲ. ಆದರೆ ಕೈಗಳು ಕಿವಿಯ ಸಾಲಿನಲ್ಲಿದ್ದು, ಮೊಣಕೈ ಅಡ್ಡಕ್ಕೆ ಚಾಚಿದ್ದರಿಂದ, ಕೆಳಗಿಳಿದಾಗಲೆಲ್ಲ ತೋಳಿನ ಮೂಳೆಯ ತಲೆ ಭುಜದ ಮುಂಭಾಗಕ್ಕೆ ಒತ್ತುತ್ತಿತ್ತು. ಮುಂದೆ ಜಾರಿಬಿಡುತ್ತೇನೆ ಎಂಬ ಹೆದರಿಕೆಯಿಂದ ಕೈಯನ್ನು ಮುಂದಿಡುತ್ತಿದ್ದರು. ಕಾಲೆತ್ತಿದವರಲ್ಲಿ ಇದು ತೀರಾ ಸಾಮಾನ್ಯ. ಜೊತೆಗೆ ಬಲಗಡೆಯ ರೆಕ್ಕೆಮೂಳೆ ಬೇರೆ. ಅದನ್ನು ಪಕ್ಕೆಲುಬಿಗೆ ಅಂಟಿಸಿ ಹಿಡಿಯುವುದು ಸೆರೇಟಸ್ ಎಂಬ ಸ್ನಾಯು, ಕಂಕುಳ ಕೆಳಗೆ ಪಕ್ಕೆಯ ಮೇಲೆ ಬೆರಳುಗಳ ಹಾಗೆ ಹರಡಿರುತ್ತದೆ. ಕಾಲೆತ್ತಿದಾಗ ಈ ಸ್ನಾಯುವಿನ ಕೆಲಸ ಹೆಚ್ಚುತ್ತದೆ. ಬಲ್ಲವರಿಗೆ ಅದು ಲಾಭ. ಇವರ ಬಲಗಡೆಯದು ಗೋಡೆ ತಳ್ಳುವಾಗಲೇ ಸೋಲುತ್ತಿತ್ತು. ಮಂಚದ ಎತ್ತರದಲ್ಲಿ ನಾಲ್ಕೈದಕ್ಕೇ ಕೈಬಿಡುತ್ತಿತ್ತು, ಮಿಕ್ಕ ಹತ್ತನ್ನು ಭುಜದ ಮುಂಭಾಗ ಹೊತ್ತುಕೊಳ್ಳುತ್ತಿತ್ತು.

ಊಹೆ ಸರಿಯೇ ಎಂದು ನೋಡಲು ಅಲ್ಲೇ ಒಂದು ಪರೀಕ್ಷೆ ಮಾಡಿದೆವು. ಅದೇ ಬೆಂಚು, ಅದೇ ಕಾಲು. ಕೈಗಳನ್ನು ಮಾತ್ರ ನಾಲ್ಕು ಬೆರಳಿನಷ್ಟು ಹಿಂದಕ್ಕೆ, ಎದೆಯ ಪಕ್ಕಕ್ಕೆ ತಂದು, ಮೊಣಕೈಗಳನ್ನು ಪಕ್ಕೆಯಿಂದ ಸುಮಾರು 45 ಡಿಗ್ರಿಗೆ ಇಳಿಸಿದೆ. ಹತ್ತಕ್ಕೆ ಆರರಷ್ಟಿದ್ದ ನೋವು ಎರಡಕ್ಕೆ ಇಳಿಯಿತು. ಎತ್ತರವನ್ನು ಒಂದು ಸೆಂ.ಮೀ. ಕೂಡ ಬದಲಿಸಿರಲಿಲ್ಲ. ನೋವಿಗೆ ಎತ್ತರವೊಂದೇ ಕಾರಣವಲ್ಲ, ಆ ಎತ್ತರದಲ್ಲಿ ಕೈಯಿಟ್ಟ ಜಾಗವೂ ಕಾರಣ ಎಂದು ಇಬ್ಬರಿಗೂ ಖಾತ್ರಿಯಾಯಿತು.

ಹೊಟ್ಟೆ ಗಟ್ಟಿಯಾಗುವ ಮಾತು

ತಪ್ಪಾದ ಅರ್ಧ ಇದು. ಕಾಲೆತ್ತಿದರೆ ಕೋರ್‌ಗೆ, ಅಂದರೆ ನಡುವನ್ನು ಹಿಡಿದು ನಿಲ್ಲಿಸುವ ಸ್ನಾಯುಗಳಿಗೆ, ಕೆಲಸ ಬಹಳ ಹೆಚ್ಚುತ್ತದೆ ಎಂದು ನಂಬಿಕೆ.

ಎರಡು ಇಟ್ಟಿಗೆಯ ಮೇಲೆ ತುದಿಗಳನ್ನಿಟ್ಟ ಉದ್ದನೆಯ ಹಲಗೆಯನ್ನು ನೋಡಿ. ನಡುಭಾಗ ಬಾಗುತ್ತದೆ. ಒಂದು ತುದಿಯನ್ನು ಎತ್ತಿ ಗೋಡೆಗೆ ಆನಿಸುತ್ತ ಹೋದರೆ ಬಾಗು ಕಡಿಮೆಯಾಗುತ್ತ ಹೋಗುತ್ತದೆ, ನೆಟ್ಟಗೆ ನಿಂತರೆ ಇಲ್ಲವೇ ಇಲ್ಲ. ಬಾಗು ಅತಿ ಹೆಚ್ಚಿರುವುದು ಹಲಗೆ ಪೂರ್ತಿ ಮಟ್ಟಸವಾಗಿದ್ದಾಗ. ಪುಷ್-ಅಪ್‌ನಲ್ಲಿ ಹಲಗೆಯೆಂದರೆ ನಮ್ಮ ದೇಹ, ಬಾಗದಂತೆ ಹಿಡಿಯುವುದು ಹೊಟ್ಟೆ ಮತ್ತು ಪೃಷ್ಠದ ಸ್ನಾಯುಗಳು.

ನೆಲದ ಪುಷ್-ಅಪ್‌ನಲ್ಲಿ ಕೈ ನೆಟ್ಟಗಿದ್ದಾಗ ಇವರ ದೇಹ ನೆಲಕ್ಕೆ ಇಪ್ಪತ್ತು ಡಿಗ್ರಿಯಷ್ಟು ಓರೆಯಾಗಿರುತ್ತದೆ. ಕೆಳಗಿಳಿದಾಗ ಹೆಚ್ಚು ಕಡಿಮೆ ಮಟ್ಟಸವೇ. ಅಂದರೆ ನೆಲದ ಪುಷ್-ಅಪ್‌ನಲ್ಲೇ, ಕೆಳಗಿನ ಸ್ಥಿತಿಯಲ್ಲಿ, ನಡುವಿನ ಮೇಲಿನ ಬಾಗು ಹೆಚ್ಚುಕಡಿಮೆ ತನ್ನ ಗರಿಷ್ಠ ಮುಟ್ಟಿರುತ್ತದೆ. ಕಾಲನ್ನು ಮಂಚಕ್ಕೆ ಎತ್ತಿದರೆ ಮೇಲಿನ ಸ್ಥಿತಿಯಲ್ಲಿ ದೇಹ ಮಟ್ಟಸಕ್ಕೆ ಹತ್ತಿರ ಬರುತ್ತದೆ, ಅಲ್ಲಿ ನೂರಕ್ಕೆ ಐದಾರರಷ್ಟು ಹೆಚ್ಚಾಗಬಹುದು. ಕೆಳಗಿಳಿದಾಗ ದೇಹ ತಲೆಯ ಕಡೆಗೆ ಓರೆಯಾಗಿ, ಬಾಗು ಹೆಚ್ಚುವ ಬದಲು ಒಂದಿಷ್ಟು ಕಡಿಮೆಯೇ ಆಗುತ್ತದೆ. ಕೈಯನ್ನು 50 ಸೆಂ.ಮೀ. ಎತ್ತಿದಾಗ ಮಾತ್ರ ವ್ಯತ್ಯಾಸ ದೊಡ್ಡದು. ಮೇಲಿನ ಸ್ಥಿತಿಯಲ್ಲಿ ದೇಹ ನಲವತ್ತು ಡಿಗ್ರಿ ಓರೆಯಾದರೆ ನಡುವಿನ ಹೊರೆ ಸುಮಾರು ಐದನೇ ಒಂದು ಭಾಗದಷ್ಟು ಇಳಿಯುತ್ತದೆ.

ಹಾಗಿದ್ದರೂ ಕಾಲೆತ್ತಿದಾಗ ನಡು ಯಾಕೆ ಕುಸಿಯುತ್ತದೆ? ಇವರ ನಡು ನೆಲದಲ್ಲೇ ಹತ್ತನೆಯದಕ್ಕೆ ಕುಸಿಯುತ್ತಿತ್ತು. ಮಂಚದ ಮೇಲೆ ಪ್ರತಿಯೊಂದೂ ಕಷ್ಟವಾಗಿ, ನಿಧಾನವಾಗಿ, ಹೆಚ್ಚು ಹೊತ್ತು ಹಿಡಿಯುವಂತಾಯಿತು. ತಲೆ ಕೆಳಗಾಗಿ ದೇಹದ ಅಂದಾಜು ತಪ್ಪಿತು. ಹಾಸಿಗೆ ಮೆತ್ತಗಿದ್ದುದರಿಂದ ಪಾದ ಹೂತು, ಬೆರಳು ಊರಿ ತೊಡೆ ಬಿಗಿಹಿಡಿಯಲು ಆಸರೆ ಸಿಗಲಿಲ್ಲ. ಮೊದಲೇ ಇದ್ದ ಸೋಲು ಅಲ್ಲಿ ಬೇಗ ಬಯಲಾಯಿತು, ಅಷ್ಟೇ. ಕುಸಿದ ನಡುವನ್ನು ಆಮೇಲೆ ಹಿಡಿದು ನಿಲ್ಲಿಸುವುದು ಸ್ನಾಯುವಲ್ಲ, ಬೆನ್ನಿನ ಕೀಲುಗಳು. ಬೆಳಿಗ್ಗೆಯ ಬಿಗಿತ ಅಲ್ಲಿಂದ ಬಂದದ್ದು.

ತೂಕದ ಯಂತ್ರಕ್ಕೆ ಈ ಕುಸಿತ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ನಡುವನ್ನು ಬೇಕೆಂದೇ ಇಳಿಸಿ ನೋಡಿದೆವು, ಮುಳ್ಳು ಅರ್ಧ ಕೆ.ಜಿ.ಯೂ ಸರಿಯಲಿಲ್ಲ. ಭಾರ ತಿಳಿಯಲು ಯಂತ್ರ ಸಾಕು. ಆ ಭಾರವನ್ನು ದೇಹ ಹೇಗೆ ಹೊರುತ್ತಿದೆ ಎಂದು ತಿಳಿಯಲು ಕೋಲು ಅಥವಾ ಪಕ್ಕದ ವಿಡಿಯೋ ಬೇಕು.

ಕೋರ್‌ಗೇ ಹೆಚ್ಚು ಕೆಲಸ ಬೇಕೆಂದರೆ ಬೇರೆ ದಾರಿಯಿದೆ. ನೆಲದಲ್ಲೇ ಒಂದು ಪಾದವನ್ನು ನಾಲ್ಕು ಬೆರಳು ಎತ್ತಿ ಮಾಡಿದರೆ ದೇಹ ಒಂದು ಕಡೆ ತಿರುಗಲು ನೋಡುತ್ತದೆ, ಅದನ್ನು ತಡೆಯಲು ಹೊಟ್ಟೆಯ ಓರೆ ಸ್ನಾಯುಗಳು ದುಡಿಯಲೇಬೇಕು. ಇವರಿಗೆ ಆ ಹಂತ ಇನ್ನೂ ದೂರವಿತ್ತು.

ಮೆಟ್ಟಿಲು

ಕೈ ಎತ್ತರದಲ್ಲಿಟ್ಟು ಶುರುಮಾಡೋಣ ಎಂದಾಗ ಮುಖ ಸಣ್ಣದಾಯಿತು. "ಅದು ಮಕ್ಕಳು ಮಾಡುದಲ್ವಾ ಡಾಕ್ಟ್ರೇ?" ಅವರೇ ಬರೆದಿಟ್ಟ ಚೀಟಿ ತೋರಿಸಿದೆ. ಕೈ ಎತ್ತಿದರೆ 34 ಕೆ.ಜಿ., ನೆಲದಲ್ಲಿ 49. ನಡುವೆ 15 ಕೆ.ಜಿ. ಜಾಗವಿದೆ, ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ಇನ್ಯಾವ ಪುಷ್-ಅಪ್‌ನಲ್ಲೂ ಇಷ್ಟು ಸಣ್ಣ ಹಂತಗಳು ಸಿಗುವುದಿಲ್ಲ. ಮೊಣಕಾಲೂರಿದ ಪುಷ್-ಅಪ್ ಭಾರವನ್ನೇನೋ ಇಳಿಸುತ್ತದೆ, ಆದರೆ ದೇಹದ ಹಲಗೆಯನ್ನೇ ಗಿಡ್ಡ ಮಾಡಿಬಿಡುವುದರಿಂದ ನಡುವಿಗೆ ಕಲಿಕೆಯಾಗುವುದಿಲ್ಲ. ಇವರಿಗೆ ಬೇಕಾದದ್ದು ಉದ್ದ ಹಲಗೆ, ಕಡಿಮೆ ಭಾರ.

ಅವರ ಕಟ್ಟಡದ ಮೆಟ್ಟಿಲು ಒಂದೊಂದು 17 ಸೆಂ.ಮೀ. ಮೂರನೆಯದು 51, ಎರಡನೆಯದು 34, ಮೊದಲನೆಯದು 17. ಮಳೆಗಾಲದಲ್ಲಿ ಕೆಳಗಿನ ಮೆಟ್ಟಿಲು ಒದ್ದೆಯಿರುತ್ತದೆಂದು ಎರಡನೇ ಮಹಡಿಯ ಒಣ ಮೆಟ್ಟಿಲನ್ನೇ ಆರಿಸಿಕೊಂಡೆವು. ಸಮಯವನ್ನು ರಾತ್ರಿಯಿಂದ ಬೆಳಿಗ್ಗೆ ಐದೂವರೆಗೆ ಬದಲಿಸಿದೆವು, ವಾರಕ್ಕೆ ಮೂರು ದಿನ.

ಮೂರನೇ ಮೆಟ್ಟಿಲಲ್ಲಿ ಹನ್ನೆರಡರಂತೆ ಮೂರು ಸುತ್ತು. ಪ್ರತಿ ಬಾರಿ ಮೇಲೆ ಬಂದ ಮೇಲೆ ಇನ್ನೊಂದು ಬೆರಳಿನಷ್ಟು ತಳ್ಳಿ, ರೆಕ್ಕೆಮೂಳೆಗಳು ಪಕ್ಕಕ್ಕೆ ಸರಿದು ಬೆನ್ನು ತುಸು ದುಂಡಗಾಗುವಂತೆ ಮಾಡಬೇಕು. ಸೆರೇಟಸ್ ಕಲಿಯುವುದು ಆ ಕೊನೆಯ ಬೆರಳಿನಲ್ಲಿ. ಸುತ್ತು ಮುಗಿಯುವುದು ಸಂಖ್ಯೆಗಲ್ಲ, ಕೋಲಿನ ಸಂದಿಗೆ. ಮಗ ಪಕ್ಕದಲ್ಲಿ ನಿಂತು ಕೋಲು ನೋಡುತ್ತಿದ್ದ. ಮುಷ್ಟಿ ಹೋಗುವಷ್ಟಾದ ತಕ್ಷಣ "ಸಾಕು ಅಪ್ಪ" ಎನ್ನಬೇಕು, ಏಳನೆಯದಾದರೂ ಸರಿ. ಮೂರೂ ಸುತ್ತು ಕೋಲು ಅಲುಗದೆ ಎರಡು ದಿನ ಬಂದರೆ ಒಂದು ಮೆಟ್ಟಿಲು ಇಳಿಯುವುದು.

ಮೂರನೆಯದರಿಂದ ಎರಡನೆಯದಕ್ಕೆ ಹತ್ತು ದಿನದಲ್ಲಿ ಬಂದರು. ಭುಜದ ನೋವು ಮೂರನೇ ವಾರಕ್ಕೆ ಹೋಯಿತು, ಸೊಂಟದ್ದು ಅದಕ್ಕೂ ಮೊದಲೇ. ಮೊದಲನೇ ಮೆಟ್ಟಿಲಲ್ಲಿ ಸಿಕ್ಕಿಕೊಂಡರು. ಎಂಟಕ್ಕೆ ಸಂದಿ ಬಿಡುತ್ತಿತ್ತು, ಐದು ದಿನ ಅದೇ ಎಂಟು. ವಿಡಿಯೋ ಕಳಿಸಿ ಎಂದೆ. ಇಳಿಯುವಾಗ ಎಲ್ಲ ಸರಿಯಿತ್ತು. ಮೇಲೇಳುವಾಗ ಮೊದಲು ಎದೆ ಏಳುತ್ತಿತ್ತು, ಸೊಂಟ ಆಮೇಲೆ ಹಿಂಬಾಲಿಸುತ್ತಿತ್ತು. ಪೃಷ್ಠ ಬಿಗಿಹಿಡಿಯುವುದನ್ನು ಮರೆತಿದ್ದರು. ಇಳಿಯುವ ಮೊದಲೇ ಪೃಷ್ಠ ಬಿಗಿದು, ಎರಡು ಮೊಣಕಾಲಿನ ಚಿಪ್ಪನ್ನು ಮೇಲಕ್ಕೆಳೆದುಕೊಳ್ಳಿ ಎಂದು ಹೇಳಿದ ಮೇಲೆ ಹನ್ನೆರಡಾಯಿತು.

ಆರನೇ ವಾರ ನೆಲಕ್ಕೆ ಬಂದರು. ಹದಿನೈದು, ಕೋಲು ಅಲುಗದೆ. ಕಾಲೆತ್ತಲು ನಾನು ಇಟ್ಟುಕೊಂಡಿರುವ ಅಳತೆ ಅದು, ಹದಿನೈದು ಶುದ್ಧ ಪುಷ್-ಅಪ್. ಪುಸ್ತಕದ ಸಂಖ್ಯೆಯಲ್ಲ, ನನ್ನ ಅನುಭವದ್ದು. ಅದಕ್ಕಿಂತ ಕಡಿಮೆಯಲ್ಲಿ ಎತ್ತಿದವರಲ್ಲಿ ನಡು ಕುಸಿಯುವುದನ್ನೇ ಹೆಚ್ಚು ನೋಡಿದ್ದೇನೆ.

ಏಳನೇ ವಾರ ಕೈ ಕೆಳಗೆ, ಪಾದ ಮೊದಲನೇ ಮೆಟ್ಟಿಲ ಮೇಲೆ. ಈಗ ತಪ್ಪು ಬೇರೆ ದಿಕ್ಕಿಗೆ ಹೊರಳಿತು. ಸೊಂಟ ಕುಸಿಯಬಾರದು ಎಂದು ಅಷ್ಟು ಸಲ ಕೇಳಿದ್ದಕ್ಕೆ ಸುಸ್ತಾದಾಗ ಸೊಂಟವನ್ನು ಗೋಪುರದ ಹಾಗೆ ಎತ್ತಿಬಿಡುತ್ತಿದ್ದರು. ಹಾಗೆ ಎತ್ತಿದರೆ ಮುಂಡ ಇನ್ನೂ ಕಡಿದಾಗಿ, ಎದೆಯ ಕೆಲಸ ಪೂರ್ತಿ ಭುಜಕ್ಕೆ ಹೋಗುತ್ತದೆ. ಭುಜಕ್ಕೇ ವ್ಯಾಯಾಮ ಬೇಕೆನ್ನುವವರು ಬೇಕೆಂದೇ ಹಾಗೆ ಮಾಡುತ್ತಾರೆ. ಇವರ ಬಲಭುಜ ಆ ದಿನ ಸಂಜೆ ಮತ್ತೆ ಸಣ್ಣಗೆ ಎಚ್ಚರಿಸಿತು. ಕೋಲಿನ ನಿಯಮಕ್ಕೆ ಇನ್ನೊಂದು ಸೇರಿಸಿದೆವು. ಸೊಂಟದಲ್ಲಿ ಅಂಗೈಯೂ ಹೋಗದಷ್ಟು ಸಂದಿ ಮುಚ್ಚಿದರೂ ಸುತ್ತು ಮುಗಿಯಿತು.

ಹತ್ತನೇ ವಾರಕ್ಕೆ ಪಾದ ಎರಡನೇ ಮೆಟ್ಟಿಲಲ್ಲಿ, 34 ಸೆಂ.ಮೀ.ಗೆ, ಶುದ್ಧವಾಗಿ ಹತ್ತು. ನೆಲದಲ್ಲಿ ಹದಿನೆಂಟು. ಗೋಡೆ ತಳ್ಳುವಾಗ ಬಲ ರೆಕ್ಕೆಮೂಳೆ ಎಡದಷ್ಟೇ ಚಪ್ಪಟೆ. ಅಲ್ಲಿಂದ ಮೇಲೆ ಹತ್ತಿಸಲು ನಾನು ಒಪ್ಪಲಿಲ್ಲ. ಎದೆಯ ಮೇಲ್ಭಾಗಕ್ಕೆ ಬೇಕಾದ ಓರೆ ಅಷ್ಟರಲ್ಲೇ ಸಿಗುತ್ತದೆ. ಅದಕ್ಕಿಂತ ಎತ್ತರಕ್ಕೆ ಹೋದಷ್ಟೂ ಕೆಲಸ ಎದೆಯಿಂದ ಭುಜಕ್ಕೆ ಸರಿಯುತ್ತದೆ, ಮತ್ತು ಇವರ ಭುಜ ಒಮ್ಮೆ ಸೋತದ್ದು. ವಾರದಲ್ಲಿ ಒಂದು ದಿನ ಕಾಲೆತ್ತಿದ್ದು, ಒಂದು ದಿನ ನೆಲ, ಒಂದು ದಿನ ಕೈಯನ್ನು ಮೊದಲ ಮೆಟ್ಟಿಲಲ್ಲಿಟ್ಟು ಇಳಿಯಲು ನಾಲ್ಕು ಎಣಿಕೆ ತೆಗೆದುಕೊಳ್ಳುವ ನಿಧಾನದ್ದು, ಹೀಗೆ ಹಂಚಿಕೊಟ್ಟೆ.

ಎದೆಯ ಮೇಲ್ಭಾಗ ತುಂಬಿತೇ ಎಂದು ಕೇಳಿದರು. ಹತ್ತು ವಾರದಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ನನಗೆ ಕಾಣಲಿಲ್ಲ, ಹಾಗೆಂದೇ ಹೇಳಿದೆ. ಕೈಯಿಟ್ಟು ನೋಡಿ, ಮೇಲೇಳುವಾಗ ಯಾವುದು ಬಿಗಿಯುತ್ತದೆ ಎಂದೆ. ಮೆಟ್ಟಿಲಿಗೆ ಕಾಲೆತ್ತಿ ನಿಂತರು, ಮಗ ಅವರ ಕತ್ತಿನ ಕೆಳಗಿನ ಅಡ್ಡ ಎಲುಬಿನ ಅಡಿಯಲ್ಲಿ ಎರಡು ಬೆರಳಿಟ್ಟ. ಅಪ್ಪ ಇಳಿದು ಎದ್ದರು. "ಇಲ್ಲಿ ಗಟ್ಟಿ ಆಗ್ತಾ ಉಂಟು," ಎಂದ ಮಗ. ಇನ್ನೊಂದು ಕೈಯಲ್ಲಿ ಕೋಲು ಹಿಡಿದೇ ಇದ್ದ.